ಪ್ಲಗ್ ಓದುವವರು

ನಾನಿರುವ ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿ ಹಳೆಯ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಆಗಬೇಕು. 2000ದಿಂದೀಚಿನ ಮಾಡೆಲ್ ಆದರೆ ಡ್ಯಾಶ್‌ಬೋರ್ಡ್ ಕೆಳಗೆ ಕೇಬಲ್ ಸಿಕ್ಕಿಸುತ್ತಾರೆ, ಕಂಪ್ಯೂಟರ್ ಪಾಸೋ ಫೇಲೋ ಹೇಳುತ್ತದೆ. ಅಲ್ಲಿ ಕಾಯುತ್ತ ಕೂತಾಗಲೆಲ್ಲ ನನಗೆ ನೆನಪಾಗುವುದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗ್ಯಾರೇಜು. ಕೇಬಲ್ಲಿಲ್ಲದೆ, ಬೆರಳ ತುದಿಯಲ್ಲೇ ಹೊಗೆಯನ್ನು ಓದುತ್ತಿದ್ದ ಅಲ್ಲಿಯ ಮೇಸ್ತ್ರಿಯೂ ನೆನಪಾಗುತ್ತಾರೆ.

ಟೂ ಸ್ಟ್ರೋಕ್ ಪೆಟ್ರೋಲ್ ಆಟೋಗಳು ಇನ್ನೂ ಓಡಾಡುತ್ತಿದ್ದ ಕಾಲ. ಚಾಮುಂಡಿ ಬೆಟ್ಟಕ್ಕೆಂದು ನಾನು ಹತ್ತಿದ ಆಟೋ ಅರ್ಧ ಏರಿಗೇ ಏದುಸಿರು ಬಿಟ್ಟಿತು. ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಗಾಡಿ ತಿರುಗಿಸಿ ಇಳಿದು ನೇರ ಗ್ಯಾರೇಜಿಗೆ ಬಂದೆವು.

"ಪಿಕಪ್ಪೇ ಇಲ್ಲಣ್ಣ. ಹೊಸ ಪ್ಲಗ್ ಹಾಕಿ ಎಂಟು ದಿನ ಆಗಿಲ್ಲ. ಸ್ಕ್ರೂನೂ ತಿರುಗಿಸಿ ನೋಡ್ದೆ" ಎಂದ ಚಾಲಕ.

"ಸ್ಕ್ರೂ ಮುಟ್ಟಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ" ಎಂದರು ಮೇಸ್ತ್ರಿ. ಪಾನಾ ಮಾತ್ರ ಕೈಗೆತ್ತಿಕೊಳ್ಳಲಿಲ್ಲ. ಒಂದು ಬಿಳಿ ಬಟ್ಟೆಯನ್ನು ಸೈಲೆನ್ಸರ್ ಬಾಯಿಗೆ ಹಿಡಿದು, ಆಕ್ಸಿಲರೇಟರ್ ಕೊಡಲು ಹೇಳಿದರು. ಬಟ್ಟೆಯ ಮೇಲೆ ಕರಿ ಮಸಿ ಬಿತ್ತು, ಅದರ ನಡುವೆ ಎಣ್ಣೆಯ ಹನಿಗಳೂ ಇದ್ದವು. ಬೆರಳಲ್ಲಿ ಉಜ್ಜಿ ನನಗೂ ತೋರಿಸಿದರು. ಪೆಟ್ರೋಲ್ ಹೆಚ್ಚಾಗಿ ಸರಿಯಾಗಿ ಉರಿಯದಿದ್ದರೆ ಒಣ ಮಸಿ ಬರುತ್ತದೆ, ಹೊಗೆ ಕಪ್ಪಗಿರುತ್ತದೆ. ಎಣ್ಣೆ ಹೆಚ್ಚಾದರೆ ಮಸಿ ಜಿಡ್ಡಾಗಿರುತ್ತದೆ, ಹೊಗೆಗೆ ನೀಲಿ ಛಾಯೆ ಇರುತ್ತದೆ. ಈ ಗಾಡಿಯಲ್ಲಿ ಎರಡೂ ಇತ್ತು.

ಆಮೇಲೆ ಪ್ಲಗ್ಗಿನ ಸರದಿ. ಅದನ್ನು ನಿಂತಲ್ಲೇ ಬಿಚ್ಚಲಿಲ್ಲ. ತಾವೇ ಆಟೋ ಓಡಿಸಿಕೊಂಡು ರಸ್ತೆಗೆ ಹೋದರು. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ತಟ್ಟನೆ ಇಂಜಿನ್ ಆಫ್ ಮಾಡಿ, ಗಾಡಿ ಉರುಳಿ ನಿಂತಲ್ಲೇ ಪ್ಲಗ್ ಬಿಚ್ಚಿದರು. ಐಡ್ಲಿಂಗ್‌ನಲ್ಲಿ ಬಿಟ್ಟರೆ ಆ ಹೊತ್ತಿನ ಮಸಿಯೂ ಪ್ಲಗ್ಗಿಗೆ ಕೂರುತ್ತದೆ. ಭಾರ ಎಳೆಯುವಾಗ ಇಂಜಿನ್ ಹೇಗಿತ್ತು ಎಂಬ ಗುರುತು ಅದರಡಿ ಅಳಿಸಿಹೋಗುತ್ತದೆ. ಎಷ್ಟು ಸರಳ ಉಪಾಯ! ನಾನಾಗಿದ್ದರೆ ನಿಂತ ಗಾಡಿಯ ಪ್ಲಗ್ಗನ್ನೇ ಬಿಚ್ಚುತ್ತಿದ್ದೆ.

ಹದವಾಗಿ ಉರಿದ ಪ್ಲಗ್ಗಿನ ಪಿಂಗಾಣಿ ಕಾಫಿಪುಡಿಯ ಬಣ್ಣಕ್ಕಿರುತ್ತದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇಂಜಿನ್ ಕಾಯುತ್ತಿದೆ ಎಂದರ್ಥ. ಇದು ಕಾಡಿಗೆಯಂತೆ ಕಪ್ಪಗಿತ್ತು, ಅಂಚು ಜಿಡ್ಡಾಗಿತ್ತು. ಹ್ಯಾಕ್ಸಾ ಬ್ಲೇಡಿನ ತುಂಡನ್ನು ಗ್ಯಾಪಿಗೆ ತೂರಿಸಿ ನೋಡಿದರು. ಆ ಬ್ಲೇಡು 0.6 ಮಿ.ಮೀ.ಗಿಂತ ಕೂದಲೆಳೆಯಷ್ಟು ದಪ್ಪ, ಅವರಿಗೆ ಅದೇ ಅಳತೆಗೋಲು. ಗ್ಯಾಪು ಸರಿಯಿತ್ತು. ಪ್ಲಗ್ಗಿನದೇನೂ ತಪ್ಪಿಲ್ಲ, ಒಳಗಿನದ್ದನ್ನು ಹೇಳುತ್ತಿತ್ತು ಅಷ್ಟೆ.

ಏರ್ ಫಿಲ್ಟರ್ ತೆಗೆದಾಗ ಕಾರಣ ಕಣ್ಣೆದುರು ಬಂತು. ಸ್ಪಾಂಜಿನಲ್ಲಿ ಧೂಳು, ಎಣ್ಣೆ ಸೇರಿ ಸಗಣಿ ಮೆತ್ತಿದಂತಾಗಿತ್ತು. ಫಿಲ್ಟರ್ ಇಲ್ಲದೆಯೇ ಬೀದಿ ತುದಿಯವರೆಗೆ ಹೋಗಿಬಂದರು. ಗಾಡಿ ಸಲೀಸಾಗಿ ಓಡಿತು. ಗಾಳಿ ಬರುವ ದಾರಿ ಕಟ್ಟಿದರೆ ಇಂಜಿನ್ನಿನ ಎಳೆತವೆಲ್ಲ ಕಾರ್ಬೊರೇಟರ್ ಮೇಲೆ ಬೀಳುತ್ತದೆ. ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು. ಚೋಕ್ ಎಳೆದು ಮರೆತು ಬೆಟ್ಟ ಹತ್ತಿದ ಹಾಗೆ. ಆದರೆ ಈ ಪರೀಕ್ಷೆ ಬೀದಿ ತುದಿಯವರೆಗೆ ಮಾತ್ರ. ಧೂಳು ಒಳಗೆ ಹೋದರೆ ಸಿಲಿಂಡರ್ ಸವೆದೀತು.

ಸ್ಪಾಂಜನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಹಿಂಡಿದರೆ ಹರಿಯುತ್ತದೆಂದು ಅಂಗೈಗಳ ನಡುವೆ ಒತ್ತಿ ಒತ್ತಿ ತೊಳೆದರು. ಒಣಗಿದ ಮೇಲೆ ನಾಲ್ಕು ಹನಿ ಆಯಿಲ್ ಸವರಿ ಮತ್ತೆ ಒತ್ತಿದರು. ಧೂಳನ್ನು ಹಿಡಿಯುವುದು ಆ ತೆಳು ಜಿಡ್ಡೇ.

"ಲೀಟರಿಗೆ ಎಷ್ಟು ಆಯಿಲ್ ಹಾಕ್ತೀಯ?"

"ನಲವತ್ತು ಎಂಎಲ್. ಇಂಜಿನ್ ತಂಪಾಗಿರ್ಲಿ ಅಂತ."

"ಇಪ್ಪತ್ತು ಹಾಕು. ಅದು ಎಣ್ಣೆಸ್ನಾನ ಅಲ್ಲಪ್ಪ."

ಕೊನೆಗೆ ಚಾಲಕ ಕೆಡಿಸಿದ್ದ ಏರ್ ಸ್ಕ್ರೂ. ಮೆಲ್ಲಗೆ ಕೂರುವವರೆಗೆ ತಿರುಗಿಸಿ, ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟು, ಬಿಸಿ ಇಂಜಿನ್ನಿನ ಸದ್ದು ಕೇಳುತ್ತ ಎಲ್ಲಿ ಐಡ್ಲಿಂಗ್ ಒಂದೇ ಸಮ ನಿಂತಿತೋ ಅಲ್ಲಿಗೆ ಬಿಟ್ಟರು. ಈ ಸ್ಕ್ರೂ ನೋಡಿಕೊಳ್ಳುವುದು ಐಡ್ಲಿಂಗ್ ಮತ್ತು ಸಣ್ಣ ಆಕ್ಸಿಲರೇಟರ್ ಮಾತ್ರ. ಏರಿನಲ್ಲಿ ಪೂರ್ತಿ ಎಳೆದಾಗ ಪೆಟ್ರೋಲ್ ಮೇನ್ ಜೆಟ್ಟಿನಿಂದ ಬರುತ್ತದೆ. ಚಾಲಕ ಎಷ್ಟು ತಿರುಗಿಸಿದ್ದರೂ ಬೆಟ್ಟದ ಕಷ್ಟ ಇಳಿಯುತ್ತಿರಲಿಲ್ಲ.

ಅದೇ ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆದು, ಬ್ರಶ್ಶಿನಲ್ಲಿ ತಿಕ್ಕಿ ಹಾಕಿದರು. ಹೊಗೆ ಬಹುಪಾಲು ನಿಂತಿತು. ಪಿಕಪ್ ಬಂತು, ಆದರೆ ಮೇಸ್ತ್ರಿಗೆ ಸಮಾಧಾನವಿಲ್ಲ. ತಿಂಗಳುಗಟ್ಟಲೆ ಎಣ್ಣೆ ಸುಟ್ಟ ಕರಕಲು ಎಕ್ಸಾಸ್ಟ್ ಪೋರ್ಟಿನಲ್ಲೂ ಸೈಲೆನ್ಸರಿನಲ್ಲೂ ಕಟ್ಟಿಕೊಂಡಿರುತ್ತದೆ, ಹೊಗೆ ಹೋಗಲು ದಾರಿ ಕಿರಿದಾಗಿದ್ದರೆ ಗಾಡಿ ಪೂರ್ತಿ ಎಳೆಯುವುದಿಲ್ಲ, ಹೆಡ್ ಬಿಚ್ಚಿ ಕೆರೆಯಬೇಕು ಎಂದರು. ಬಾಡಿಗೆ ತಪ್ಪುತ್ತದೆಂದು ಚಾಲಕ ಒಪ್ಪಲಿಲ್ಲ. ಭಾನುವಾರ ತರುತ್ತೇನೆಂದು ಹೇಳಿ ನನ್ನನ್ನು ಹತ್ತಿಸಿಕೊಂಡ.

ಈ ಸಲ ಬೆಟ್ಟ ಹತ್ತಿದೆವು. ಕೊನೆಯ ತಿರುವಿನಲ್ಲಿ ಮಾತ್ರ ಸೆಕೆಂಡ್ ಗೇರಿನಿಂದ ಫಸ್ಟಿಗೆ ಇಳಿಸಬೇಕಾಯಿತು.