ಕ್ಯಾಬ್ ಬಂತು ಸರಿ, ಡ್ರೈವರ್ ಯಾರು?

2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್‌ಸೆಂಟರ್ ಉದ್ಯೋಗಿ ಪ್ರತಿಭಾ ಶ್ರೀಕಂಠಮೂರ್ತಿ ರಾತ್ರಿ ಪಾಳಿಗೆ ಕ್ಯಾಬ್ ಹತ್ತಿದರು. ಬಂದವನು ನಿಗದಿಯಾದ ಡ್ರೈವರ್ ಅಲ್ಲ. ಪ್ರತಿಭಾ ಕೊಲೆಯಾದರು, 2010ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

2019ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲೂ ಹೆಣ್ಣುಮಕ್ಕಳ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ಲಿಖಿತ ಒಪ್ಪಿಗೆ, ಸಾರಿಗೆ ವ್ಯವಸ್ಥೆ ಷರತ್ತು. ಇದನ್ನು ನಮ್ಮ ಹಾಸನಕ್ಕೆ ಹಚ್ಚಿ ನೋಡೋಣ.

ರಾತ್ರಿ 11ಕ್ಕೆ ಪಾಳಿ ಮುಗೀತು ಅಂತಿಟ್ಕೊಳ್ಳಿ. ಚನ್ನರಾಯಪಟ್ಟಣದ ದಾರಿಯೇ ಬೇರೆ, ಅದಕ್ಕೆ ಪ್ರತ್ಯೇಕ ವ್ಯಾನ್ ಬೇಕು. ಹೊಳೆನರಸೀಪುರ, ಅರಕಲಗೂಡು ಒಂದೇ ವ್ಯಾನಿಗೆ ಹಾಕಿದರೆ, ಹೊಳೆನರಸೀಪುರದವರು ಇಳಿದ ಮೇಲೆ ಅರಕಲಗೂಡಿನ ಹುಡುಗಿ ಒಬ್ಬಳೇ ಉಳೀತಾಳೆ. ಗಾರ್ಡ್ ಬೇಕಿರುವುದು ಆ ಕೊನೆಯ ಹಾದಿಗೇ. ಅವನು ನಡುವೆ ತನ್ನೂರಲ್ಲಿ ಇಳಿದುಬಿಟ್ಟರೆ ವ್ಯವಸ್ಥೆ ಕಾಗದದ ಮೇಲಷ್ಟೇ.

ಸೆಕ್ಯುರಿಟಿಯವರು ಗೇಟಿನಲ್ಲೇ ಗಾಡಿ ನಂಬರು, ಡ್ರೈವರ್ ಮುಖ ಎರಡನ್ನೂ ಪಟ್ಟಿಗೆ ತಾಳೆ ನೋಡಬೇಕು. ಟ್ರಿಪ್ ಶೀಟಿನಲ್ಲಿ ಎಲ್ಲರ ಇಳಿದ ಸಮಯವೂ ಒಂದೇ ಕೈಬರಹದಲ್ಲಿ, ಸರಿಯಾಗಿ ಐದೈದು ನಿಮಿಷಕ್ಕೆ ಇದ್ದರೆ ಅದು ಆಮೇಲೆ ತುಂಬಿದ್ದು ಅಂತ ಅನುಮಾನಿಸಿ. ಕೊನೆಯವಳು ಮನೆ ಬಾಗಿಲು ದಾಟಿ ಫೋನ್ ಮಾಡುವವರೆಗೆ ಟ್ರಿಪ್ ಮುಗಿದಿಲ್ಲ.

ಉದ್ಯೋಗಿಗಳೇ, 'ಬದಲಿ ಡ್ರೈವರ್' ಅಂದ್ರೆ ಹತ್ತಬೇಡಿ. ಮೊದಲು ಟ್ರಾನ್ಸ್‌ಪೋರ್ಟ್ ಡೆಸ್ಕಿಗೆ ನೀವೇ ಫೋನ್ ಮಾಡಿ, ಅವನ ಮೊಬೈಲಿನಿಂದಲ್ಲ.