ಅಜ್ಜಿಯ ಹುಟ್ಟುಹಬ್ಬಕ್ಕೆ ಷಿಕಾಗೋದಿಂದ ಒಂದು ಕಾಗದ

ಹುಟ್ಟಿದ್ದು ಯಾವತ್ತು ಅಂತ ಕೇಳಿದರೆ ಎಷ್ಟೋ ಅಜ್ಜಿಯರು ತಾರೀಖು ಹೇಳುವುದಿಲ್ಲ, ‘ನಾಗರಪಂಚಮಿ ದಿನ’ ಅನ್ನುತ್ತಾರೆ. ಆಧಾರ್ ಕಾರ್ಡಿನಲ್ಲಿರುವ ತಾರೀಖು ಯಾರೋ ಅಂದಾಜಿಗೆ ಬರೆಸಿದ್ದು. ಸಾಗರದ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇರುವ ಅಂಥ ಅಜ್ಜಿಗೆ ಷಿಕಾಗೋದ ಮೊಮ್ಮಗಳು ಹುಟ್ಟುಹಬ್ಬದ ಕಾಗದ ಬರೆಯುತ್ತಾಳೆ ಅನ್ನಿ. ಅವಳು ಮೊದಲು ನೋಡಬೇಕಾದ್ದು ಪಂಚಾಂಗ.

ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಹಬ್ಬ ವರ್ಷವರ್ಷವೂ ಹತ್ತು-ಹನ್ನೊಂದು ದಿನ ಹಿಂದೆ ಬರುತ್ತದೆ, ಅಧಿಕಮಾಸ ಸೇರಿದಾಗ ಒಮ್ಮೆಲೇ ಮುಂದಕ್ಕೆ ಹೋಗುತ್ತದೆ. 2025ರಲ್ಲಿ ನಾಗರಪಂಚಮಿ ಜುಲೈ 29ಕ್ಕಿತ್ತು. 2026ರಲ್ಲಿ ಜ್ಯೇಷ್ಠ ಅಧಿಕಮಾಸವಾದ್ದರಿಂದ ಅದು ಆಗಸ್ಟ್ 17ಕ್ಕೆ. ಅಮೆರಿಕದ ಸಾದಾ ಅಂಚೆಗೆ ಎರಡು-ಮೂರು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಎಲ್ಲಿಗೆ ಬಂತು ಎಂದು ನೋಡುವ ಸೌಲಭ್ಯವೂ ಅದಕ್ಕಿಲ್ಲ. ಜುಲೈ ಮಧ್ಯದಲ್ಲೇ ಡಬ್ಬಿಗೆ ಹಾಕುವುದು ಕ್ಷೇಮ.

ಲಕೋಟೆಯ ಮೇಲೆ ವಿಳಾಸ, ಪಿನ್‌ಕೋಡ್, ಕೊನೆಯ ಸಾಲಿನಲ್ಲಿ ದೇಶದ ಹೆಸರು ಇಂಗ್ಲಿಷಿನಲ್ಲಿರಲಿ. ಅದರ ಮೇಲಿನ ಸಾಲುಗಳಲ್ಲಿ ಅಜ್ಜಿಯ ಹೆಸರು, ಮನೆಯ ಹೆಸರು ಕನ್ನಡದಲ್ಲೂ ಇರಲಿ. ಕೊನೆಗೆ ಮನೆ ಹುಡುಕುವವನು ಊರಿನ ಪೋಸ್ಟ್‌ಮ್ಯಾನ್ ತಾನೆ. ಚಾಕೊಲೇಟು ತುರುಕುವ ಆಸೆ ಬಿಡಬೇಕು. ತುರುಕಿದರೆ ಅದು ಸರಕಾಗುತ್ತದೆ, ಕಸ್ಟಮ್ಸ್ ಫಾರಂ ತುಂಬಬೇಕಾಗುತ್ತದೆ.

ಪೊರೆ ಬಂದ ಕಣ್ಣಿಗೆ ಮಸುಕು ಶಾಯಿ ಕಾಣದು, ಮಿರಮಿರ ಮಿಂಚುವ ಗ್ರೀಟಿಂಗ್ ಕಾರ್ಡಂತೂ ಕಣ್ಣು ಕೋರೈಸುತ್ತದೆ. ಬಿಳಿ ಹಾಳೆಯಲ್ಲಿ ದಪ್ಪ ಕಪ್ಪು ಪೆನ್ನು, ದೊಡ್ಡ ಅಕ್ಷರ, ಒಂದೇ ಮಗ್ಗುಲಲ್ಲಿ ಬರಹ. ಹೀಗೆ ಬರೆದರೆ ನಾಲ್ಕು ಹಾಳೆ ಬೇಕಾದೀತು. ಹಾಳೆಗೆ ಐದು ಗ್ರಾಂ. ಲಕೋಟೆ ಸೇರಿದರೂ ಒಂದು ಅಂತರರಾಷ್ಟ್ರೀಯ ಸ್ಟ್ಯಾಂಪಿನ ಮಿತಿಯಾದ ಸುಮಾರು 28 ಗ್ರಾಂ ದಾಟುವುದಿಲ್ಲ.

ಕನ್ನಡ ಮಾತು ಬರುತ್ತದೆ, ಬರೆಯಲು ಬಾರದು ಎನ್ನುವ ಮಕ್ಕಳೇ ಅಲ್ಲಿ ಜಾಸ್ತಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಅಜ್ಜಿಯ ಕೈಗೆ ಬಂದು ಪ್ರಯೋಜನವಿಲ್ಲ. ಮಗು ಹೇಳಿದ್ದನ್ನು ಅಮ್ಮ ಬರೆದುಕೊಡಲಿ, ಮಗು ನೋಡಿ ನಕಲು ಮಾಡಲಿ. ಒತ್ತಕ್ಷರ ಅತ್ತಿತ್ತ ಬಿದ್ದರೆ ಬೀಳಲಿ, ತಿದ್ದಿ ಅಂದಗೊಳಿಸುವ ಹಿರಿಯರ ಚಾಳಿ ಇಲ್ಲಿ ಬೇಡ.

ಬರೆಯುವುದೇನು? ‘ಆರೋಗ್ಯ ನೋಡಿಕೋ’ ಎಂಬುದನ್ನು ಮಗ, ಸೊಸೆ, ಡಾಕ್ಟರು ಎಲ್ಲರೂ ಹೇಳಿಯಾಗಿದೆ. ‘ಅಜ್ಜಿ, ಇಲ್ಲಿ ಅರಿಶಿನದ ಎಲೆ ಸಿಗಲಿಲ್ಲ. ಅಮ್ಮ ಬಾಳೆ ಎಲೇಲಿ ಕಡುಬು ಮಾಡಿದ್ಳು, ಆ ಪರಿಮಳ ಬರ್ಲೇ ಇಲ್ಲ. ಕುಂಡದಲ್ಲಿ ಅರಿಶಿನ ನೆಟ್ಟರೆ ಎಲೆ ದೊಡ್ಡದಾಗಕ್ಕೆ ಎಷ್ಟು ದಿನ ಬೇಕು?’ ಎಂದರೆ ಅಜ್ಜಿಗೆ ಹೇಳಲು ಏನೋ ಸಿಕ್ಕಿತು. ಉತ್ತರ ಅಂಚೆಯಲ್ಲೇ ಬರಬೇಕೆಂದಿಲ್ಲ. ‘ಊಟ ಆಯ್ತಾ’ ಎಂಬಲ್ಲಿಗೆ ಮುಗಿದುಹೋಗುತ್ತಿದ್ದ ಭಾನುವಾರದ ವಿಡಿಯೋ ಕಾಲ್‌ನಲ್ಲಿ, ಗಡ್ಡೆಯನ್ನು ಯಾವ ತಿಂಗಳು ನೆಡಬೇಕು, ಕುಂಡ ಎಷ್ಟು ಅಗಲವಿರಬೇಕು, ಎಷ್ಟು ನೀರು ಸಾಕು ಎಂದು ಅಜ್ಜಿ ಶುರುಮಾಡುತ್ತಾರೆ.