ಬೆಲೆಯ ಜಾಗದಲ್ಲಿ ಅಂಕಿ, ವಿವರದಲ್ಲಿ ಷರತ್ತು

ವಾಟ್ಸ್ಆ್ಯಪ್ ಬಿಸಿನೆಸ್ ಕ್ಯಾಟಲಾಗಿನಲ್ಲಿ ಒಂದು ವಸ್ತುವಿಗೆ ಚಿತ್ರ, ಹೆಸರು, ಬೆಲೆ, ವಿವರ, ಲಿಂಕ್ ಮತ್ತು ಕೋಡ್ ಸೇರಿಸಬಹುದು. ಬೆಲೆಯ ಜಾಗದಲ್ಲಿ ಹಿಡಿಸುವುದು ಒಂದು ಅಂಕಿ ಮಾತ್ರ. ಆ ದರ ಎಷ್ಟು ತೂಕಕ್ಕೆ, ಕೊರಿಯರ್ ಅದರಲ್ಲಿ ಸೇರಿದೆಯೇ ಎಂಬುದನ್ನು ಅಂಕಿ ಹೇಳುವುದಿಲ್ಲ. ಪಟ್ಟಿಯಲ್ಲಿ ಗ್ರಾಹಕರ ಕಣ್ಣಿಗೆ ಮೊದಲು ಬೀಳುವುದು ಚಿತ್ರ, ಹೆಸರು, ಬೆಲೆ ಮತ್ತು ವಿವರದ ಆರಂಭದ ಕೆಲವು ಪದಗಳು. ಆದ್ದರಿಂದ ತೂಕವನ್ನು ಹೆಸರಿನಲ್ಲೂ ಬೆಲೆಯ ಷರತ್ತನ್ನು ವಿವರದ ಮೊದಲ ಸಾಲಿನಲ್ಲೂ ಬರೆಯಬೇಕು.

ಮನೆಯಲ್ಲಿ ತಯಾರಿಸಿ ಮಾರುವ ಶೇಂಗಾ ಚಟ್ನಿಪುಡಿಯ ನಮೂದು ಹೀಗಿರಬಹುದು:

ಹೆಸರು: ಶೇಂಗಾ ಚಟ್ನಿಪುಡಿ, 250 ಗ್ರಾಂ
ಬೆಲೆ: 120
ವಿವರ:
1 ಪ್ಯಾಕೆಟ್‌ಗೆ ₹120, ಎಲ್ಲ ತೆರಿಗೆ ಸೇರಿ.
ಕೊರಿಯರ್ ಬೇರೆ: ಕರ್ನಾಟಕದೊಳಗೆ 3 ಪ್ಯಾಕೆಟ್‌ವರೆಗೆ ₹60, 4ರಿಂದ 7ಕ್ಕೆ ₹100.
ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು.
ಖಾರ ಮಧ್ಯಮ.
ಹಣ ಬಂದ ಮರುದಿನ ರವಾನೆ.

ಒಂದು ಸಾಲಿಗೆ ಒಂದೇ ವಿಷಯ. ‘ರುಚಿಯಲ್ಲಿ ಅಪ್ರತಿಮ’ ಎಂಬಂಥ ಮಾತಿಗೆ ಇಲ್ಲಿ ಜಾಗವಿಲ್ಲ. ಬೆಳ್ಳುಳ್ಳಿ ತಿನ್ನದವರಿಗೆ, ಖಾರ ಕಡಿಮೆ ಬೇಕಾದವರಿಗೆ ಉಪಯೋಗವಾಗುವ ಮಾಹಿತಿ ಇದೆ. ಪ್ಯಾಕೆಟ್ ಮೇಲೆ ಮುದ್ರಿಸುವ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರಬೇಕಾದ್ದರಿಂದ ‘ತೆರಿಗೆ ಪ್ರತ್ಯೇಕ’ ಎಂದು ಬರೆಯುವಂತಿಲ್ಲ.

ಕೊರಿಯರ್ ದರವನ್ನು ಕಿಲೋ ಲೆಕ್ಕದಲ್ಲಿ ಹೇಳದೆ ಪ್ಯಾಕೆಟ್ ಲೆಕ್ಕದಲ್ಲಿ ಹೇಳಿರುವುದಕ್ಕೆ ಕಾರಣವಿದೆ. ನಾಲ್ಕು ಪ್ಯಾಕೆಟ್‌ಗಳ ಪುಡಿ ಸರಿಯಾಗಿ 1 ಕಿಲೋ. ಕವರು, ಡಬ್ಬ ಸೇರಿದಾಗ ತೂಕ 1 ಕಿಲೋ ಮೀರುತ್ತದೆ, ದರ ಮುಂದಿನ ಹಂತಕ್ಕೆ ಏರುತ್ತದೆ. ‘1 ಕಿಲೋವರೆಗೆ ₹60’ ಎಂದು ಬರೆದಿದ್ದರೆ ನಾಲ್ಕು ಪ್ಯಾಕೆಟ್ ಕೊಂಡವರೊಂದಿಗೆ ತಕರಾರು ಖಚಿತ. ಈಗಿನ ಸಾಲಿನ ಪ್ರಕಾರ ಅವರು 480ಕ್ಕೆ 100 ಸೇರಿಸಿ ₹580 ಕೊಡಬೇಕೆಂದು ತಾವೇ ಲೆಕ್ಕ ಹಾಕಬಲ್ಲರು. ಕಾರ್ಟ್ ತೋರಿಸುವ ಅಂದಾಜು ಮೊತ್ತ ಬೆಲೆ ಮತ್ತು ಸಂಖ್ಯೆಯ ಗುಣಲಬ್ಧವಷ್ಟೇ. ಅಲ್ಲಿ ₹480 ಕಂಡರೂ ಗೊಂದಲವಾಗದಂತೆ ತಡೆಯುವುದು ‘ಕೊರಿಯರ್ ಬೇರೆ’ ಎಂಬ ಸಾಲು.

ಅರ್ಧ ಕಿಲೋ ಪ್ಯಾಕೆಟ್ಟೂ ಇದ್ದರೆ ಅದಕ್ಕೆ ಪ್ರತ್ಯೇಕ ನಮೂದು, ಪ್ರತ್ಯೇಕ ಕೋಡ್ ಬೇಕು. ಎರಡು ದರಗಳನ್ನು ಒಂದೇ ವಿವರದಲ್ಲಿ ತುರುಕಿದರೆ ಕಾರ್ಟ್ ಒಂದನ್ನೇ ಲೆಕ್ಕ ಹಾಕುತ್ತದೆ. ರಿಯಾಯಿತಿ ಕೊಡುವಾಗ ಅದು ಮುಗಿಯುವ ದಿನಾಂಕವನ್ನೂ ಬರೆಯಬೇಕು. ಗ್ರಾಹಕರು ಉಳಿಸಿಕೊಂಡ ಸ್ಕ್ರೀನ್‌ಶಾಟ್‌ನಲ್ಲಿ ಹಳೆಯ ದರ ಹಾಗೆಯೇ ಇರುತ್ತದೆ.

ನಮೂದು ಸರಿಯಿದೆಯೇ ಎಂಬುದು ಬರುವ ಸಂದೇಶಗಳಿಂದ ತಿಳಿಯುತ್ತದೆ. ‘ಕೊರಿಯರ್ ಸೇರಿ ಎಷ್ಟಾಗುತ್ತೆ?’ ಎಂದು ಹಲವರು ಕೇಳುತ್ತಿದ್ದರೆ ಆ ಸಾಲು ಅಸ್ಪಷ್ಟವಾಗಿದೆ ಅಥವಾ ತೀರಾ ಕೆಳಗಿದೆ. ಪ್ರತಿಯೊಬ್ಬರಿಗೂ ಉತ್ತರಿಸುವ ಬದಲು ಆ ಉತ್ತರವನ್ನೇ ಮೊದಲೆರಡು ಸಾಲುಗಳಲ್ಲಿ ಸೇರಿಸಬೇಕು.